ಒಂದೇ ಕೂಲರ್, ಒಂದೇ ರಿಯಾಯಿತಿ, ಬಿಲ್ಲಿನಲ್ಲಿ 180 ರೂಪಾಯಿ ವ್ಯತ್ಯಾಸ

ಪ್ರಶ್ನೆ (ಶಿಕ್ಷಕಿ, ಕಲಬುರಗಿ):
ಶರಣು ಸರ್. ಸೂಪರ್ ಮಾರ್ಕೆಟ್ ಕಡೆಯ ಎರಡು ಅಂಗಡಿಗಳಲ್ಲಿ ಒಂದೇ ಕೂಲರಿನ ದರ ವಿಚಾರಿಸಿದೆ. ಎರಡೂ ಕಡೆ ದರ 10,000, ರಿಯಾಯಿತಿ 1,000, ಜಿಎಸ್‌ಟಿ ಶೇ 18. ಒಬ್ಬರು ಒಟ್ಟು 10,620 ಎಂದರು, ಇನ್ನೊಬ್ಬರು 10,800 ಎಂದರು. ಮೊದಲನೆಯವರಲ್ಲಿ ಸರಕು ಇರಲಿಲ್ಲವೆಂದು ಎರಡನೆಯವರಲ್ಲಿ ಕೊಂಡೆ. ನಾನು ಮೋಸ ಹೋದೆನೇ?

ಕಿರಾಣಿ ವ್ಯಾಪಾರಿ, ಯಾದಗಿರಿ:
ರಿಯಾಯಿತಿ ಮೊದಲು, ತೆರಿಗೆ ಆಮೇಲೆ. ಕಾನೂನು ಹೇಳುವುದು ಇದನ್ನೇ. ರಿಯಾಯಿತಿ ರೂಪಾಯಿಯಲ್ಲಿರಲಿ, ಶೇಕಡಾದಲ್ಲಿರಲಿ, ತೆರಿಗೆ ಹಾಕಿದ ಮೇಲೆ ಕಳೆದರೆ ಗಿರಾಕಿಗೆ ನಷ್ಟವೇ. 10,800ರ ಬಿಲ್ ತಪ್ಪು, ಹಣ ವಾಪಸ್ ಕೇಳಿರಿ.

ತೆರಿಗೆ ಸಲಹೆಗಾರ, ಕಲಬುರಗಿ:
ಮೇಡಂ, ಕೊನೆಯ ಮೊತ್ತವೊಂದನ್ನೇ ನೋಡಿ ಮೋಸವೆಂದು ಹೇಳಲು ಬರುವುದಿಲ್ಲ. ಮೊದಲ ಅಂಗಡಿಯವರು ಸಾವಿರ ಕಳೆದು, ಉಳಿದ 9,000ಕ್ಕೆ 1,620 ತೆರಿಗೆ ಹಾಕಿದ್ದಾರೆ. ಎರಡನೆಯವರು ಪೂರ್ತಿ 10,000ಕ್ಕೆ 1,800 ಹಾಕಿ, 11,800ರಿಂದ ಸಾವಿರ ಕಳೆದಂತೆ ಕಾಣುತ್ತದೆ. ನಡುವಿನ 180 ರೂಪಾಯಿ ಆ ಸಾವಿರದ ಮೇಲೆ ಬೀಳುವ ಶೇ 18ರ ತೆರಿಗೆಯೇ ಹೊರತು ಬೇರೇನೂ ಅಲ್ಲ. ವಸೂಲು ಮಾಡಿದ 1,800ನ್ನು ಪೂರ್ತಿಯಾಗಿ ಸರ್ಕಾರಕ್ಕೆ ಕಟ್ಟಿದರೆ ಎರಡನೆಯ ಅಂಗಡಿಯವರಿಗೂ ಉಳಿಯುವುದು 9,000ವೇ. ಅವರಿಗೆ ಇದರಲ್ಲಿ ಕಾಸಿನ ಲಾಭವಿಲ್ಲ, ಹೆಚ್ಚು ಹೋದದ್ದು ನಿಮ್ಮ ಜೇಬಿನಿಂದ ಖಜಾನೆಗೆ.

ಯಾದಗಿರಿಯ ಸಾಹುಕಾರರ ಮಾತು ಅರ್ಧ ಸರಿ. ಮಾರಾಟದ ಹೊತ್ತಿಗೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಯನ್ನು ತೆರಿಗೆಯ ಲೆಕ್ಕದಿಂದ ಬಿಡಬೇಕೆಂದು 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 15ನೇ ಕಲಮು ಹೇಳುವುದು ನಿಜ. ಆದರೆ ರಿಯಾಯಿತಿ ಶೇಕಡಾದಲ್ಲಿದ್ದರೆ ಮುಂಚೆ ಕಳೆದರೂ ಆಮೇಲೆ ಕಳೆದರೂ ಮೊತ್ತ ಒಂದೇ: 11,800ರಲ್ಲಿ ಶೇ 10 ಎಂದರೆ 1,180 ಕಳೆದಾಗಲೂ ಬರುವುದು 10,620. ಒಟ್ಟು ಮೊತ್ತ ಬದಲಾಗುವುದು ರಿಯಾಯಿತಿ ರೂಪಾಯಿಯಲ್ಲಿ ನಿಗದಿಯಾಗಿದ್ದಾಗ.

ಇನ್ನೊಂದು ಮಾತು. ‘ತೆರಿಗೆ ಸೇರಿದ ದರದಲ್ಲಿ ಸಾವಿರ ಬಿಡುತ್ತೇವೆ’ ಎಂದು ಅಂಗಡಿಯವರು ಹೇಳಿದ್ದರೆ 10,800 ಸರಿಯಾದ ಬೆಲೆಯೇ. ಆದರೆ ಆಗ 10,800ನ್ನು 1.18ರಿಂದ ಭಾಗಿಸಿ, ಸರಕಿನ ಬೆಲೆ 9,152.54, ತೆರಿಗೆ 1,647.46 ಎಂದು ಬಿಲ್ಲಿನಲ್ಲಿ ತೋರಿಸಬೇಕು. 1,800 ಎಂದು ತೋರಿಸುವಂತಿಲ್ಲ. ಬಿಲ್ಲಿನ ‘ಟ್ಯಾಕ್ಸಬಲ್ ವ್ಯಾಲ್ಯೂ’ ಕಾಲಮ್ಮಿನಲ್ಲಿ ಎಷ್ಟಿದೆ, ನೋಡಿ ಹೇಳಿರಿ.

ನಿವೃತ್ತ ನೌಕರ, ಬೀದರ:
ಸರ್, ಶೇಕಡಾದಲ್ಲಿ ವ್ಯತ್ಯಾಸವಿಲ್ಲ ಎಂದಿರಿ. ನಾನು ಕಳೆದ ತಿಂಗಳು ಮಗನಿಗೆ 2,700ರ ರೆಡಿಮೇಡ್ ಜಾಕೆಟ್ ಕೊಂಡಾಗ ಶೇ 10 ರಿಯಾಯಿತಿ ಇತ್ತು. ಮೊದಲು 2,867 ಎಂದವರು, ನಾನು ವಾದಿಸಿದ ಮೇಲೆ 2,551 ಮಾಡಿಕೊಟ್ಟರು. ಕೂಲರಿಗೂ ಹೀಗೆಯೇ ವಾದಿಸಬಹುದಲ್ಲವೇ?

ತೆರಿಗೆ ಸಲಹೆಗಾರ:
ನೀವು ನೆನಪಿಸಿದ್ದು ಒಳ್ಳೆಯದಾಯಿತು, ನಾನು ಆ ಮಾತನ್ನು ಬಿಟ್ಟಿದ್ದೆ. ಸಿದ್ಧ ಉಡುಪಿನ ತೆರಿಗೆ ಬೆಲೆಯನ್ನು ನೋಡಿ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಬೆಲೆ 2,500 ದಾಟದಿದ್ದರೆ ಶೇ 5, ದಾಟಿದರೆ ಶೇ 18. ನಿಮ್ಮ ಜಾಕೆಟ್ ರಿಯಾಯಿತಿ ಕಳೆದ ಮೇಲೆ 2,430ಕ್ಕೆ ಇಳಿದು ಶೇ 5ರ ಕೆಳಗೆ ಬಂತು, ತೆರಿಗೆ 121.50 ಆಯಿತು. ಅಂಗಡಿಯವರು ಮೊದಲು 2,700ರ ಮೇಲೆಯೇ ಶೇ 18 ಹಾಕಿ, ಆಮೇಲೆ ಹತ್ತನೆಯ ಒಂದು ಭಾಗ ಕಳೆದಿದ್ದರು. ನಿಮ್ಮ ವಾದ ಸರಿಯಾಗಿಯೇ ಇತ್ತು. ಕೂಲರಿಗೆ ಇಂಥ ಮಿತಿಯಿಲ್ಲ, ಬೆಲೆ ಎಷ್ಟಿದ್ದರೂ ಶೇ 18.

ಶಿಕ್ಷಕಿ:
ಸರ್, ಬಿಲ್ ತೆಗೆದು ನೋಡಿದೆ. ಟ್ಯಾಕ್ಸಬಲ್ ವ್ಯಾಲ್ಯೂ 10,000 ಎಂದಿದೆ, ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900. ಅದರ ಕೆಳಗೆ ‘ಸ್ಕೀಮ್ ಡಿಸ್ಕೌಂಟ್’ ಎಂದು 1,000 ಕಳೆದಿದ್ದಾರೆ.

ಕಿರಾಣಿ ವ್ಯಾಪಾರಿ, ಯಾದಗಿರಿ:
ನೋಡಿರಿ, ನಾನು ಹೇಳಿದ್ದೇ ಆಯಿತು. 180 ವಾಪಸ್ ಬರಬೇಕು.

ತೆರಿಗೆ ಸಲಹೆಗಾರ:
ಸ್ವಲ್ಪ ತಾಳಿರಿ, ಸಾಹುಕಾರರೇ. ‘ಸ್ಕೀಮ್’ ಎಂಬ ಪದವೇ ನನ್ನನ್ನು ತಡೆಯುತ್ತಿದೆ. ಆ ಸಾವಿರವನ್ನು ಅಂಗಡಿಯವರೇ ತಮ್ಮ ಲಾಭದಲ್ಲಿ ಬಿಟ್ಟಿದ್ದರೆ ತೆರಿಗೆ 9,000ದ ಮೇಲೆ ಬೀಳಬೇಕಿತ್ತು. ಆಗ ಅವರು ಕ್ರೆಡಿಟ್ ನೋಟ್ ಮಾಡಿ 180 ಮರಳಿಸಬಹುದು. ಆದರೆ ಕೂಲರ್ ತಯಾರಿಸಿದ ಕಂಪನಿಯೇ ಗಿರಾಕಿಗಳಿಗೆ ಸಾವಿರ ಕಡಿಮೆ ಮಾಡುವುದಾಗಿ ಘೋಷಿಸಿ, ಆ ಹಣವನ್ನು ಅಂಗಡಿಗೆ ತುಂಬಿಕೊಡುತ್ತಿದ್ದರೆ, ಸರಕಿನ ಬೆಲೆಯಾಗಿ ಅಂಗಡಿಗೆ ಬಂದದ್ದು ಪೂರ್ತಿ 10,000. ಅದರಲ್ಲಿ ಒಂದು ಪಾಲು ನಿಮ್ಮದು, ಇನ್ನೊಂದು ಕಂಪನಿಯದು. ಹಾಗಿದ್ದಲ್ಲಿ 1,800 ತೆರಿಗೆ ಹಾಕಿದ್ದಕ್ಕೆ ಅವರ ಬಳಿ ಆಧಾರವಿದೆ. ಬಿಲ್ ನೋಡಿ ಇದನ್ನು ತಿಳಿಯಲಾಗದು, ಸ್ಕೀಮ್ ಯಾರದೆಂದು ಅಂಗಡಿಯಲ್ಲಿಯೇ ಕೇಳಬೇಕು.

ಶಿಕ್ಷಕಿ:
ನಾಳೆ ಶಾಲೆ ಬಿಟ್ಟ ಮೇಲೆ ಬಿಲ್ ಹಿಡಿದುಕೊಂಡು ಹೋಗುತ್ತೇನೆ ಸರ್. ಅವರು ಕೊಟ್ಟ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.