ಅಪ್‌ಡೇಟ್: ಡಿಸ್ಕೌಂಟ್ ಕೇಳಿದ ಕ್ಲೈಂಟ್‌ಗೆ ಕೊನೆಗೆ ಬರೆದ ಮೇಲ್

ನನ್ನ ಪ್ರಶ್ನೆ ಇದಾಗಿತ್ತು: "ಉಪ್ಪಿನಕಾಯಿ ಮಾಡುವವರಿಗೆ ಲೋಗೋ ಮತ್ತು ಆರು ಲೇಬಲ್. 48,000 ರೂಪಾಯಿಗೆ ಮೇಲ್‌ನಲ್ಲೇ ಒಪ್ಪಿದ್ದರು. ಈಗ 38,000ಕ್ಕೆ ಮಾಡಿಕೊಡಿ ಅಂತಿದ್ದಾರೆ. ಏನು ಉತ್ತರ ಬರೆಯಲಿ?"

ಮೊದಲ ಡ್ರಾಫ್ಟ್‌ನಲ್ಲಿ ಮೂರು ಸಲ 'ಕ್ಷಮಿಸಿ' ಇತ್ತು, ಮನೆ ಬಾಡಿಗೆಯ ಕಥೆಯೂ ಇತ್ತು. ಎಲ್ಲ ಅಳಿಸಿದೆ. ನನ್ನ ಬಾಡಿಗೆ ಅವರಿಗೇಕೆ, ಅಲ್ವಾ? ಕಳಿಸಿದ್ದು ಇಷ್ಟೇ:

"ನಮಸ್ಕಾರ ಸರ್. ಲೋಗೋಗೆ 18,000, ಒಂದೊಂದು ಲೇಬಲ್‌ಗೆ 5,000ದಂತೆ ಆರಕ್ಕೆ 30,000. ಇಷ್ಟೂ ಕೆಲಸವನ್ನು 38,000ಕ್ಕೆ ಮಾಡಲು ಆಗುವುದಿಲ್ಲ. ನಿಮ್ಮ ಬಜೆಟ್ ಅಷ್ಟೇ ಇದ್ದರೆ ಈಗ ಲೋಗೋ ಮತ್ತು ನಾಲ್ಕು ಲೇಬಲ್ ಮುಗಿಸೋಣ. ಉಳಿದ ಎರಡನ್ನು ಮೂರು ತಿಂಗಳೊಳಗೆ ಹೇಳಿದರೆ ಇದೇ ರೇಟ್. ಯಾವುದು ಬೇಕು ತಿಳಿಸಿ. ಅರ್ಧ ಅಡ್ವಾನ್ಸ್ ಬಂದ ದಿನ ಕೆಲಸ ಶುರು ಮಾಡುತ್ತೇನೆ."

ರೇಟ್ ಇಳಿಸಿದರೆ ಮೊದಲು ಸುಮ್ನೆ ಜಾಸ್ತಿ ಹೇಳಿದ್ದೆ ಎಂದಾಗುತ್ತದೆ. ಅದಕ್ಕೇ ಕೆಲಸವನ್ನೇ ಕಡಿಮೆ ಮಾಡಿದೆ.

ಎರಡು ದಿನ ಸದ್ದೇ ಇಲ್ಲ. ಕೈಬಿಟ್ಟು ಹೋಯಿತು ಅಂದುಕೊಂಡೆ. ಮೂರನೇ ದಿನ ಫೋನ್ ಬಂತು: "ನೆಲ್ಲಿಕಾಯಿ, ಹಾಗಲಕಾಯಿ ಇನ್ನೂ ಹಾಕೇ ಇಲ್ಲ. ಆ ಎರಡು ಆಮೇಲೆ ನೋಡೋಣ." ಸಂಜೆಗೆ 19,000 ಅಕೌಂಟ್‌ಗೆ ಬಂತು. ಒಪ್ಪಿದ್ದನ್ನು ಮೇಲ್‌ನಲ್ಲೂ ಬರೆಸಿಕೊಂಡೆ.

ಒಂದು ಎಡವಟ್ಟು ಮಾತ್ರ ಆಯಿತು. ಎಷ್ಟು ಸಲ ತಿದ್ದಿಕೊಡುತ್ತೇನೆ ಅಂತ ಬರೆದಿರಲಿಲ್ಲ. ನಿಂಬೆಕಾಯಿ ಲೇಬಲ್‌ನ ಹಳದಿ ಈಗ ಐದನೇ ಸಲ ಬದಲಾಗುತ್ತಿದೆ.