ಸಹಾಯ ಬೇಕು: ಸದಸ್ಯರ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಹೇಗೆ ಬರೆಯಲಿ?

ನಾನು ಒಂದು ಸಣ್ಣ ಜಿಮ್ ನಡೆಸುತ್ತಿದ್ದೇನೆ. ಸದಸ್ಯರು ತೂಕ ಇಳಿಸಿದ, ಮೊಣಕಾಲು ನೋವಿನಿಂದ ಚೇತರಿಸಿಕೊಂಡ ಕಥೆಗಳನ್ನು ಫೋಟೋ ಸಮೇತ ನಮ್ಮ ಪೇಜ್‌ನಲ್ಲಿ ಹಾಕಬೇಕು ಅಂತಿದೆ. ಅದಕ್ಕೆ ಒಪ್ಪಿಗೆ ಕೇಳಿ ಪತ್ರ ಬರೆಯುತ್ತಿದ್ದೇನೆ.

ಮೊದಲು ಸೇರುವಾಗ ತುಂಬುವ ಫಾರ್ಮಿನಲ್ಲೇ ಒಂದು ಸಾಲು ಸೇರಿಸಿದ್ದೆ. ಅದು ತಪ್ಪಾಯಿತು. ಯಾರೂ ಓದದೆ ಸಹಿ ಹಾಕಿದರು. ಒಬ್ಬ ಸದಸ್ಯೆಯ ಫೋಟೋ ಜೊತೆ ಅವರಿಗೆ ಶುಗರ್ ಇರುವುದನ್ನೂ ಬರೆದುಬಿಟ್ಟೆ. ಅವರ ಆಫೀಸಿನವರೆಲ್ಲ ನೋಡಿದರು. ಅವರು ಫೋಟೋಗೆ ಮಾತ್ರ ಹೂಂ ಅಂದಿದ್ದರು, ಕಾಯಿಲೆಯ ವಿಷಯಕ್ಕಲ್ಲ. ಪೋಸ್ಟ್ ತೆಗೆದು ಕ್ಷಮೆ ಕೇಳಿದೆ. ಆದರೆ ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ಹಂಚಿಯಾಗಿತ್ತು. ಅದು ಈಗಲೂ ನನ್ನನ್ನು ಕಾಡುತ್ತಿದೆ.

ಈಗ ಪತ್ರವನ್ನೇ ಬೇರೆ ಮಾಡಿದ್ದೇನೆ. ಮುಖ ಕಾಣುವ ಫೋಟೋ, ಹೆಸರು, ತೂಕದ ಅಂಕಿ, ಆರೋಗ್ಯದ ವಿವರ, ಹಣ ಕೊಟ್ಟು ಹಾಕುವ ಜಾಹೀರಾತು, ಇವಕ್ಕೆಲ್ಲ ಬೇರೆ ಬೇರೆ ಟಿಕ್. ಯಾವ ಟಿಕ್ಕೂ ಮೊದಲೇ ಹಾಕಿಲ್ಲ. ಒಪ್ಪದಿದ್ದರೆ ಶುಲ್ಕದಲ್ಲಾಗಲಿ, ತರಬೇತಿಯಲ್ಲಾಗಲಿ ಏನೂ ಬದಲಾಗುವುದಿಲ್ಲ ಅಂತಲೂ ಬರೆದಿದ್ದೇನೆ. ಪೋಸ್ಟ್ ಹಾಕುವ ಮುಂಚೆ ಅವರಿಗೇ ತೋರಿಸುತ್ತೇನೆ.

ಸಿಕ್ಕಿಬಿದ್ದಿರುವುದು ಒಪ್ಪಿಗೆ ವಾಪಸ್ ಪಡೆಯುವ ಸಾಲಿನಲ್ಲಿ. "ನೀವು ಹೇಳಿದ ತಕ್ಷಣ ಎಲ್ಲ ಕಡೆಯಿಂದ ತೆಗೆಯುತ್ತೇವೆ" ಅಂತ ಬರೆದರೆ ಸುಳ್ಳಾಗುತ್ತದೆ, ಅಲ್ವಾ? ಬೇರೆಯವರು ಉಳಿಸಿಕೊಂಡ ಪ್ರತಿ ನನ್ನ ಕೈಯಲ್ಲಿಲ್ಲ. ಅದನ್ನು ಬಿಡಿಸಿ ಹೇಳಿದರೆ ಜನ ಹೆದರಿ ಒಪ್ಪದೇ ಇರಬಹುದು. ಹಾಗಂತ ಮುಚ್ಚಿಡಲು ಮನಸ್ಸಿಲ್ಲ.

ನಾವು ಏನು ತೆಗೆಯುತ್ತೇವೆ, ಎಷ್ಟು ದಿನದಲ್ಲಿ, ಏನು ನಮ್ಮಿಂದ ಆಗುವುದಿಲ್ಲ, ಈ ಮೂರನ್ನೂ ಸರಳವಾಗಿ ಹೇಳುವ ಎರಡು ಮೂರು ವಾಕ್ಯ ಯಾರಾದರೂ ಬರೆದುಕೊಡುತ್ತೀರಾ?