ಪದಚರ್ಚೆ: ಗೃಹಪ್ರವೇಶದ ಕಾರ್ಡಲ್ಲಿ ‘ಸಲ್ಲುವ ಲಗ್ನ’ ಅಂದ್ರೆ ಏನು, ಮತ್ತೆ ದಾರಿ ಹೇಳೋವಾಗ ‘ಮುಂದೆ’

ಎಲ್ಲರಿಗೂ ನಮಸ್ಕಾರ.

ಮೈಸೂರಲ್ಲಿ ಬೋಗಾದಿ ಕಡೆ ನಾವು ಕಟ್ಟಿಸ್ತಿದ್ದ ಮನೆ ಅಂತೂ ಮುಗೀತು, ಫೆಬ್ರವರಿ 6ಕ್ಕೆ ಗೃಹಪ್ರವೇಶ ಇಟ್ಕೊಂಡಿದೀವಿ. ಕಾರ್ಡು ಎರಡು ಥರ ಬೇಕು, ನೆಂಟರಿಗೆ ಕನ್ನಡದ್ದು, ಆಫೀಸಿನವರಿಗೆ ಇಂಗ್ಲಿಷಿಂದು, ಯಾಕಂದ್ರೆ ನಮ್ಮ ಟೀಮಲ್ಲಿ ಅರ್ಧ ಜನ ಕೇರಳ, ಒಡಿಶಾ ಕಡೆಯವರು. ಪ್ರೆಸ್ಸಿನವರು ಕೊಟ್ಟ ಮಾದರಿಗೆ ನಮ್ಮ ದಿನ, ಸಮಯ ಹಾಕಿದ್ರೆ ಹೀಗೆ ಬಂತು:

“ವಿಶ್ವಾವಸು ನಾಮ ಸಂವತ್ಸರದ ಮಾಘ ಮಾಸ, ದಿನಾಂಕ 6-2-2026ನೇ ಶುಕ್ರವಾರ ಬೆಳಗಿನ ಜಾವ 4-15ರಿಂದ 5-00 ಗಂಟೆಯೊಳಗೆ ಸಲ್ಲುವ ಶುಭ ಧನುರ್ ಲಗ್ನದಲ್ಲಿ ನಮ್ಮ ನೂತನ ಗೃಹದ ಪ್ರವೇಶವನ್ನು ನೆರವೇರಿಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವು ಸಕುಟುಂಬ ಸಮೇತರಾಗಿ ಆಗಮಿಸಿ...”

ಚಿಕ್ಕಂದಿನಿಂದ ನೂರಾರು ಕಾರ್ಡಲ್ಲಿ ಈ ಸಾಲು ಓದಿದೀನಿ, ಆದ್ರೆ ಇಂಗ್ಲಿಷಿಗೆ ಹಾಕೋಕೆ ಕೂತಾಗ್ಲೇ ಗೊತ್ತಾಗಿದ್ದು ‘ಸಲ್ಲುವ’ ಅನ್ನೋದರ ಅರ್ಥ ನನಗೆ ಸರಿಯಾಗಿ ಗೊತ್ತಿಲ್ಲ ಅಂತ. ಸಲ್ಲೋದು ಲಗ್ನವಾ, ಅಥವಾ ಆ ಹೊತ್ತಲ್ಲಿ ನಾವು ಮಾಡೋ ಕೆಲಸವಾ?

ಎರಡನೇದು ದಾರಿ. “ರಿಂಗ್ ರೋಡ್ ಜಂಕ್ಷನ್ ದಾಟಿ ಬೋಗಾದಿ ರಸ್ತೆಯಲ್ಲಿ ಬಂದು ಸರ್ಕಾರಿ ಶಾಲೆ ಮುಂದೆ ಎಡಕ್ಕೆ ತಿರುಗಿ, ನೀರಿನ ಟ್ಯಾಂಕ್ ಎದುರು ರಸ್ತೆ” ಅಂತ ಬರೆದಿದ್ದೆ. ಹೋದ ವಾರ ಮಂಚ ಬೀರು ತಂದ ಟೆಂಪೋದವರಿಗೆ ಇದೇ ಮೆಸೇಜ್ ಕಳಿಸಿದ್ರೆ ಅವರು ಶಾಲೆ ಗೇಟ್ ಹತ್ರಾನೇ ಇರೋ ಗಲ್ಲಿಗೆ ಎಡಕ್ಕೆ ತಿರುಗಿ, ಅದು ಮುಂದೆ ಮುಚ್ಚಿರೋದ್ರಿಂದ ರಿವರ್ಸ್ ಬರೋಕೆ ಒದ್ದಾಡಿಬಿಟ್ರು. ನಾನು ಹೇಳಿದ್ದು ಶಾಲೆ ಆದ್ಮೇಲೆ ಬರೋ ಎಡ ರಸ್ತೆ. ತಪ್ಪು ಅವರದ್ದಲ್ಲ ಅನ್ಸುತ್ತೆ, ‘ಮುಂದೆ’ಯದ್ದೇ ಅನ್ಸುತ್ತೆ. ಬೆಳಗಿನ ಜಾವ ಕತ್ತಲಲ್ಲಿ ವಯಸ್ಸಾದವರು ಬರ್ತಾರೆ, ಹಾಗಾಗಿ ಇದನ್ನ ಸರಿ ಮಾಡ್ಲೇಬೇಕು.

ಸ. ನಾ., ಮೈಸೂರು

---

ಸ.ನಾ. ಅವರೇ, ಹೊಸ ಮನೆಗೆ ಶುಭವಾಗಲಿ.

‘ಸಲ್ಲು’ ಹಳೇ ಪದ, ಬಹಳ ಕಡೆ ಓಡಾಡಿರೋ ಪದ. ಮೂಲದಲ್ಲಿ ನಡೆ, ಸಾಗು, ಒಳಹೋಗು ಅನ್ನೋ ಭಾವ ಇದೆ, ಅಲ್ಲಿಂದ ಚಲಾವಣೆ ಆಗು, ಒಪ್ಪಿತ ಆಗು, ಸೇರು ಅಂತ ಬೆಳೆದಿದೆ. ನಾಣ್ಯ ಸಲ್ಲುತ್ತೆ ಅಂದ್ರೆ ಅದನ್ನ ಯಾರೂ ತಿರಸ್ಕರಿಸಲ್ಲ ಅಂತ. ಬಸವಣ್ಣನವರು ಮರ್ತ್ಯಲೋಕನ ಕರ್ತಾರನ ಕಮ್ಮಟ ಅಂತ ಕರೆದು ಇಲ್ಲಿ ಸಲ್ಲುವವರು ಅಲ್ಲಿಯೂ ಸಲ್ಲುವರು ಅಂತ ಹೇಳಿದ್ದು ಇದೇ ಅರ್ಥದಲ್ಲಿ, ಕಮ್ಮಟ ಅಂದ್ರೆ ನಾಣ್ಯ ಟಂಕಿಸೋ ಜಾಗ ತಾನೆ. ಕೀರ್ತಿ ಇಂಥವರಿಗೆ ಸಲ್ಲುತ್ತೆ ಅಂದಾಗ ‘ಸೇರುತ್ತೆ’, ಅರ್ಜಿ ಸಲ್ಲಿಸು ಅಂದಾಗ ‘ಸೇರಿಸು’.

ಕಾರ್ಡಿನ ಸಾಲಲ್ಲಿ 4-15ರಿಂದ 5-00ರ ಒಳಗೆ ಸಲ್ಲೋದು ಲಗ್ನ. ವ್ಯಾಕರಣದಲ್ಲಿ ‘ಸಲ್ಲುವ’ ಅನ್ನೋದು ‘ಲಗ್ನ’ಕ್ಕೇ ವಿಶೇಷಣ. ಆದ್ರೆ ಪೂರ್ತಿ ಧನುರ್ ಲಗ್ನ ಮುಕ್ಕಾಲು ಗಂಟೆ ಅಲ್ಲ, ಸುಮಾರು 2 ಗಂಟೆ ಇರುತ್ತೆ. ಪುರೋಹಿತರು ಅದರೊಳಗೆ ದೋಷ ಇಲ್ಲದ ಭಾಗ ನೋಡಿ 4-15ರಿಂದ 5-00 ಅಂತ ಆರಿಸಿಕೊಟ್ಟಿರ್ತಾರೆ. ಹಾಗಾಗಿ ಇಲ್ಲಿ ‘ಸಲ್ಲುವ’ ಅಂದ್ರೆ ‘ನಮ್ಮ ಕೆಲಸಕ್ಕೆ ಒಪ್ಪುವ’ ಅಂತಲೇ ನಾನು ಓದ್ತೀನಿ, ಬರೀ ‘ಇರುವ’ ಅಂತಲ್ಲ.

ಹೆಚ್. ಎಂ., ಶಿವಮೊಗ್ಗ

---

ಹೆಚ್.ಎಂ. ಸರ್, ಸ್ವಲ್ಪ ಭಿನ್ನಾಭಿಪ್ರಾಯ ಇದೆ. ‘ಸಲ್ಲು’ ಅಂದ್ರೆ ಕಳೆದುಹೋಗು ಅಂತ ಅಲ್ವಾ? ‘ಸಂದ ಕಾಲ’ ಅಂತೀವಿ, ತೀರಿಕೊಂಡವರಿಗೆ ‘ಸಂದರು’ ಅಂತೀವಿ. ಹಾಗಾಗಿ 5-00 ಗಂಟೆಯೊಳಗೆ ಸಲ್ಲುವ ಲಗ್ನ ಅಂದ್ರೆ 5 ಗಂಟೆಗೆ ಮುಗಿದುಹೋಗೋ ಲಗ್ನ, ತಡ ಮಾಡಬೇಡಿ ಅನ್ನೋ ಎಚ್ಚರಿಕೆ. ಇಂಗ್ಲಿಷಲ್ಲಿ ‘ಎಂಡಿಂಗ್ ಅಟ್ ಫೈವ್’ ಅಂತ ಹಾಕಿದ್ರೆ ಸಾಕು.

ಜಿ. ಆರ್., ತುಮಕೂರು

---

ಸ.ನಾ. ಅವರ, ನಮಸ್ಕಾರ್ರೀ. ನಮ್ಮ ಕಡೆ ಇದಕ್ಕ ಗೃಹಪ್ರವೇಶ ಅನ್ನೋದು ಕಡಿಮಿ, ವಾಸ್ತುಶಾಂತಿ ಅಂತನ ಕಾರ್ಡಿನ್ಯಾಗ ಹಾಕ್ತೀವಿ. ನೀವು ಕೇಳಿದ್ದು ಯಾವ ಶಬ್ದ ಹಾಕಬೇಕು ಅಂತ ಇದ್ರ ವಾಸ್ತುಶಾಂತಿನೂ ಸೇರಿಸ್ರಿ, ನಮ್ಮಂಥವರಿಗೆ ಲಗೂನ ತಿಳೀತದ.

ಸಮಯದ ಬಗ್ಗೆ ನಮ್ಮ ಮನಿ ಕತಿ ಹೇಳ್ತೀನಿ. ನಮ್ಮ ತಮ್ಮನ ಮನಿ ವಾಸ್ತುಶಾಂತಿಗೆ ಭಟ್ಟರು ಚೀಟ್ಯಾಗ “ಗುರುವಾರ, 28-30” ಅಂತ ಬರದು ಕೊಟ್ರು. ಪಂಚಾಂಗದಾಗ ದಿನ ಸುರು ಆಗೋದು ಸೂರ್ಯ ಹುಟ್ಟಿದ ಮ್ಯಾಲ, ಅದಕ್ಕ ನಸುಕಿನ 4-30 ಇನ್ನೂ ಹಿಂದಿನ ದಿನದ ಲೆಕ್ಕಕ್ಕ ಬರ್ತದ, 24 ದಾಟಿ ಎಣಿಸ್ತಾರ. ನಮ್ಮ ತಮ್ಮ 28-30 ಅಂದ್ರ 4-30 ಅಂತ ಸರಿಯಾಗೇ ತಿಳ್ಕೊಂಡ, ವಾರ ಮಾತ್ರ ಗುರುವಾರನ ಇಟ್ಟು ತಾರೀಖೂ ಗುರುವಾರದ್ದ ಹಾಕಿ ಅಚ್ಚ ಹಾಕಿಸಿದ. ಬೆಳಗಾವಿಯಿಂದ ನಮ್ಮ ಸೋದರಮಾವ, ಅತ್ತಿ ಇಬ್ಬರೂ ಒಂದ ದಿನ ಮೊದಲ ನಸುಕಿನ್ಯಾಗ ಬಂದು ಬೀಗ ಹಾಕಿದ ಮನಿ ಮುಂದ ಕೂತಿದ್ರು, ಆ ವಯಸ್ಸಿನ್ಯಾಗ. ನಿಮ್ಮ ಭಟ್ಟರ ಚೀಟಿ ಇನ್ನೊಮ್ಮೆ ನೋಡ್ರಿ, ಶುಕ್ರವಾರ ಅಂತ ಅವರೇ ಬರದಾರೋ ಇಲ್ಲಾ ಪ್ರೆಸ್ಸಿನವರು ತಿದ್ದ್ಯಾರೋ.

ಎಸ್. ಬಿ., ಧಾರವಾಡ

---

ಎಸ್.ಬಿ. ಅವರು ಹೇಳಿದ್ದು ತುಂಬ ಮುಖ್ಯ. ನಾನು ಅನುವಾದದ ಕೆಲಸ ಮಾಡೋಳು, ಎರಡು ಭಾಷೆ ಕಾರ್ಡು ಬಹಳ ತಿದ್ದಿದೀನಿ. ಕನ್ನಡದಲ್ಲಿ ‘ಬೆಳಗಿನ ಜಾವ’ ಅನ್ನೋ ಪದ ನಮ್ಮನ್ನ ಕಾಪಾಡುತ್ತೆ. ಜಾವ ಅಂದ್ರೆ 3 ಗಂಟೆ, ರಾತ್ರಿಯ ಕೊನೇ ಜಾವ ಅಂದ್ರೆ ಹೆಚ್ಚುಕಮ್ಮಿ 3ರಿಂದ 6, ಹಾಗಾಗಿ 4-15ಕ್ಕೆ ‘ಬೆಳಿಗ್ಗೆ’ ಅಂತ ಹಾಕೋದಕ್ಕಿಂತ ಇದೇ ಸರಿ. ಆದ್ರೂ ಸಾಲದು, “ಗುರುವಾರ ರಾತ್ರಿ ಕಳೆದು” ಅಂತ ಮೂರು ಪದ ಸೇರಿಸಿ, ಊರಿಂದ ಬರೋರು ಯಾವ ರಾತ್ರಿ ಬಸ್ ಹತ್ತಬೇಕು ಅನ್ನೋದು ಅದರಲ್ಲೇ ಬಂದುಬಿಡುತ್ತೆ.

ಜಿ.ಆರ್. ಅವರೇ, ‘ಸಂದ’ ಅನ್ನೋದು ‘ಸಲ್ಲು’ವಿನ ಭೂತಕಾಲ ಅನ್ನೋದು ಸರಿ, ಕಳೆದುಹೋದ ಅನ್ನೋ ಅರ್ಥಾನೂ ಸರಿ. ಆದ್ರೆ ‘ಪ್ರಶಸ್ತಿ ಅವರಿಗೆ ಸಂದಿತು’ ಅಂದ್ರೆ ಪ್ರಶಸ್ತಿ ಮುಗೀತು ಅಂತಲ್ಲವಲ್ಲ. ಕಾರ್ಡಲ್ಲಿ ‘4-15ರಿಂದ’ ಅಂತ ಶುರುವಿನ ಹೊತ್ತೂ ಇರೋದ್ರಿಂದ ಬರೀ ‘ಮುಗಿಯುವ’ ಅಂತ ಓದೋಕಾಗಲ್ಲ.

ಇಂಗ್ಲಿಷ್ ಕಾರ್ಡಿಗೆ ‘ಸಲ್ಲುವ’ನ ಅನುವಾದ ಮಾಡೋಕೇ ಹೋಗ್ಬೇಡಿ. ಆಫೀಸಿನವರಿಗೆ ಲಗ್ನ ಬೇಕಿಲ್ಲ, ತಾವು ಎಷ್ಟು ಹೊತ್ತಿಗೆ ಬಂದ್ರೆ ಸರಿ ಅನ್ನೋದು ಬೇಕು. ‘ಹೌಸ್ ವಾರ್ಮಿಂಗ್’ ಅನ್ನೋ ಪದಾನೂ ಸ್ವಲ್ಪ ನೋಡಿ, ಇಂಗ್ಲಿಷಿನವರ ರೂಢಿಯಲ್ಲಿ ಅದು ಮನೆಗೆ ಬಂದು ಸೇರಿದ ಮೇಲೆ ಸ್ನೇಹಿತರನ್ನ ಕರೆದು ಮಾಡೋ ಪಾರ್ಟಿ, ಅಲ್ಲಿ ಹೋಮ, ಹಾಲುಕ್ಕಿಸೋದು ಏನೂ ಇಲ್ಲ. ನಮ್ಮ ದೇಶದಲ್ಲಿ ಎಲ್ರಿಗೂ ಅರ್ಥ ಆಗುತ್ತೆ, ಆದ್ರೆ ನಿಮ್ಮ ಟೀಮಲ್ಲಿ ಹೊರದೇಶದವರು ಇದ್ರೆ ಅವರು ಸಂಜೆಗೆ ಬರಬಹುದು. ‘ಗೃಹಪ್ರವೇಶ’ ಅಂತ ದೊಡ್ಡದಾಗಿ ಹಾಕಿ ಕೆಳಗೆ ‘ಹೌಸ್ ವಾರ್ಮಿಂಗ್ ಪೂಜಾ ಅಂಡ್ ಲಂಚ್’ ಅಂತ ಕೊಡಿ. ಇನ್ನೊಂದು, ‘ಗ್ರಹಪ್ರವೇಶ’ ಅಂತ ಅಚ್ಚಾಗದ ಹಾಗೆ ಪ್ರೂಫ್ ನೋಡಿ, ಋ ಹೋಗಿ ರ ಒತ್ತು ಬಂದ್ರೆ ಮನೆ ಹೋಗಿ ಗ್ರಹ ಬರುತ್ತೆ.

ಇನ್ನು ‘ಮುಂದೆ’. ‘ಶಾಲೆಯ ಮುಂದೆ’ ಅಂದ್ರೆ ಶಾಲೆಗೆ ಒಂದು ಮುಖ ಇದೆ, ಆ ಮುಖದ ಎದುರಿಗೆ ಅಂತ. ‘ಶಾಲೆಯಿಂದ ಮುಂದೆ’ ಅಂದ್ರೆ ನಾನು ಹೋಗ್ತಿರೋ ದಿಕ್ಕಲ್ಲಿ ಶಾಲೆ ಆದ್ಮೇಲೆ ಅಂತ. ಮಾತಲ್ಲಿ ನಾವು ಪ್ರತ್ಯಯ ನುಂಗಿ ‘ಶಾಲೆ ಮುಂದೆ’ ಅಂದುಬಿಡ್ತೀವಿ, ಆಗ ಎರಡೂ ಒಂದಾಗುತ್ತೆ. ‘ಟ್ಯಾಂಕ್ ಎದುರು ರಸ್ತೆ’ಗೂ ಅದೇ ಕಷ್ಟ, ಟ್ಯಾಂಕಿನ ಮುಂದೆ ಹಾದುಹೋಗೋ ರಸ್ತೆನಾ, ಟ್ಯಾಂಕಿನ ಆಚೆ ಬದಿಯಿಂದ ಶುರುವಾಗೋ ರಸ್ತೆನಾ? ದಾರಿ ಹೇಳೋವಾಗ ‘ದಾಟಿ’, ‘ಆದ್ಮೇಲೆ’ ಅಂತ ಕ್ರಿಯಾಪದ ಬಳಸಿದ್ರೆ ಈ ಗೊಂದಲ ಇರಲ್ಲ.

ಲ. ಪ್ರ., ಬೆಂಗಳೂರು

---

ಲ.ಪ್ರ. ಮೇಡಂ ಹೇಳಿದ್ದು ಒಪ್ಪಿದೆ, ಆದ್ರೆ ‘ದಾಟಿ’ ಅನ್ನೋದು ಒಂದೇ ಕಡೆಯಿಂದ ಬರೋರಿಗೆ ಮಾತ್ರ. ಗದ್ದಿಗೆ ಕಡೆಯಿಂದ ಬರೋ ನೆಂಟರಿಗೆ ನಿಮ್ಮ ತಿರುವು ಶಾಲೆಗಿಂತ ಮೊದಲೇ ಬರುತ್ತೆ, ಎಡ ಹೋಗಿ ಬಲ ಆಗುತ್ತೆ.

ಹೆಚ್. ಎಂ., ಶಿವಮೊಗ್ಗ

---

ಎಲ್ಲರಿಗೂ ತುಂಬ ಥ್ಯಾಂಕ್ಸ್. ಎಸ್.ಬಿ. ಅವರೇ, ನಿಮ್ಮ ಮೇಲ್ ಓದಿದ ತಕ್ಷಣ ಪುರೋಹಿತರಿಗೆ ಫೋನ್ ಮಾಡ್ದೆ. ಚೀಟಿಯಲ್ಲಿ ಅವರು ಬರೆದಿದ್ದು “ಗುರು ಬೆ.ಜಾ. 4-15” ಅಂತಲೇ! ನಮ್ಮ ಯಜಮಾನರು 5 ಗುರುವಾರ, ಬೆಳಗಾದ್ರೆ 6 ಅಂತ ಲೆಕ್ಕ ಹಾಕಿ ಶುಕ್ರವಾರ ಅಂತ ಹೇಳಿದ್ರಂತೆ ಪ್ರೆಸ್ಸಿಗೆ, ಪುರೋಹಿತರೂ ಹೌದು 6ನೇ ತಾರೀಖೇ ಅಂತ ಖಚಿತ ಮಾಡಿದ್ರು. ನಿಮ್ಮ ಮಾವ, ಅತ್ತೆ ಬೀಗ ಹಾಕಿದ ಮನೆ ಮುಂದೆ ಕೂತಿದ್ದು ಓದಿ ಸಂಕಟ ಆಯ್ತು. ನಮ್ಮನೇಲೂ ವಾಸ್ತುಶಾಂತಿ ಹೋಮ ಇದೆ, ಆದ್ರೆ ಅದು ಗುರುವಾರ ಸಂಜೆ, ಮನೆಯವರಷ್ಟೇ ಇರ್ತೀವಿ, ಹಾಗಾಗಿ ಆ ಪದ ಕಾರ್ಡಲ್ಲಿ ಹಾಕಿದ್ರೆ ಗುರುವಾರವೇ ಬರ್ತಾರೆ ಅಂತ ಬಿಟ್ಟಿದೀನಿ, ಬೇಜಾರಾಗ್ಬೇಡಿ.

ತಿದ್ದಿದ್ದು ಹೀಗಿದೆ. ಕನ್ನಡದ್ದು: “5ನೇ ಗುರುವಾರ ರಾತ್ರಿ ಕಳೆದು, ದಿನಾಂಕ 6-2-2026ನೇ ಶುಕ್ರವಾರ ಬೆಳಗಿನ ಜಾವ 4-15ರಿಂದ 5-00 ಗಂಟೆಯೊಳಗೆ ಸಲ್ಲುವ ಶುಭ ಧನುರ್ ಲಗ್ನದಲ್ಲಿ ಗೃಹಪ್ರವೇಶ. ಬೆಳಿಗ್ಗೆ 10-30ಕ್ಕೆ ಸತ್ಯನಾರಾಯಣ ಪೂಜೆ. ಮಧ್ಯಾಹ್ನ 12-30ರಿಂದ ಭೋಜನ.”

ಇಂಗ್ಲಿಷಿಂದು, ಇಲ್ಲಿ ಕನ್ನಡ ಅಕ್ಷರದಲ್ಲಿ: “ಪ್ಲೀಸ್ ಜಾಯಿನ್ ಅಸ್ ಆನ್ ಫ್ರೈಡೇ, 6 ಫೆಬ್ರವರಿ 2026. ಪೂಜಾ ಫ್ರಮ್ 10:30 ಎ.ಎಂ., ಲಂಚ್ ಫ್ರಮ್ 12:30 ಪಿ.ಎಂ.” ಬೆಳಗಿನ ಜಾವದ ಸಮಯ ಇದರಲ್ಲಿ ಹಾಕಿಲ್ಲ, ಬರ್ತೀನಿ ಅಂದ ಇಬ್ಬರಿಗೆ ಬಾಯಲ್ಲೇ ಹೇಳ್ತೀನಿ.

ದಾರಿ ಎರಡು ಸಾಲು ಮಾಡ್ದೆ. “ಮೈಸೂರು ಕಡೆಯಿಂದ: ರಿಂಗ್ ರೋಡ್ ಜಂಕ್ಷನ್ ದಾಟಿ, ಎಡಗಡೆ ಸಿಗುವ ಸರ್ಕಾರಿ ಶಾಲೆಯ ಕಾಂಪೌಂಡ್ ಮುಗಿದ ಮೇಲೆ ಬರುವ ಮೊದಲ ಎಡ ತಿರುವು. ಗದ್ದಿಗೆ ಕಡೆಯಿಂದ: ಬಲಗಡೆ ಶಾಲೆಯ ಕಾಂಪೌಂಡ್ ಶುರುವಾಗುವ ಮೊದಲೇ ಬಲ ತಿರುವು. ಒಳಗೆ ಬಂದು ನೀರಿನ ಟ್ಯಾಂಕ್ ದಾಟಿ ಬಲಗಡೆ ಮೂರನೇ ಮನೆ, ಗೇಟಿಗೆ ಮಾವಿನ ತೋರಣ, ಸೀರಿಯಲ್ ಲೈಟ್ ಇರುತ್ತೆ.” ನಿನ್ನೆ ರಾತ್ರಿ ನಮ್ಮ ಚಿಕ್ಕಪ್ಪನವರಿಗೆ ಬರೀ ಈ ಸಾಲು ಕಳಿಸಿ ಫೋನ್ ಮಾಡದೆ ಬನ್ನಿ ಅಂದಿದ್ದೆ, ಸೀದಾ ಬಂದ್ರು.

‘ಸಲ್ಲುವ’ ಬಿಡೋಕೆ ಮನಸ್ಸು ಬರಲಿಲ್ಲ. ಹೆಚ್.ಎಂ. ಸರ್, ಒಂದು ಉಳೀತು: ‘ಗಂಟೆಯೊಳಗೆ’ ಅನ್ನೋದು ‘ಸಲ್ಲುವ’ಕ್ಕೆ ಸೇರುತ್ತೋ ‘ನೆರವೇರಿಸಲು’ ಅನ್ನೋದಕ್ಕೋ? ನಮ್ಮ ಅಮ್ಮ 5ರೊಳಗೆ ಹೊಸಿಲು ದಾಟಿದ್ರೆ ಸಾಕು ಅಂತಾರೆ, ಯಜಮಾನರು ಹಾಲುಕ್ಕಿಸೋದೂ ಅಷ್ಟರೊಳಗೇ ಆಗಬೇಕು ಅಂತಾರೆ.

ಸ. ನಾ.

---

ಸ.ನಾ. ಅವರೇ, ವಾಕ್ಯ ಎರಡಕ್ಕೂ ಎಡೆ ಕೊಡುತ್ತೆ, ವ್ಯಾಕರಣದಿಂದ ತೀರ್ಮಾನ ಆಗಲ್ಲ. ಅದನ್ನ ಪುರೋಹಿತರನ್ನೇ ಕೇಳಿ.

ಹೆಚ್. ಎಂ.